ಅಂದಾನ, ಅಂದಿದ್ದ: ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಬಗೆ



ಅಕ್ಕಲಕೋಟ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬರೆದ ಒಂದು ಕಾಗದದಿಂದ ಶುರು ಮಾಡುತ್ತೇನೆ. ಅದರಲ್ಲಿ ಎರಡು ಮರಾಠಿ ವಾಕ್ಯಗಳಿವೆ. ಆ ಎರಡು ವಾಕ್ಯಗಳಿಂದಾಗಿ ಒಬ್ಬ ಮನುಷ್ಯ ಒಂದು ವರ್ಷ ಊರವರ ಕಣ್ಣಲ್ಲಿ ಸುಳ್ಳುಗಾರನಾಗಿದ್ದ.

ನನ್ನ ಕಾಕಾ ತನ್ನ ಹೊಲವನ್ನು ಅಣ್ಣ ತಮ್ಮ ಇಬ್ಬರಿಗೆ ಸೇರಿಸಿ ಲಾವಣಿ ಹಾಕಿದ್ದ. ವರ್ಷಕ್ಕೆ ಇಪ್ಪತ್ತು ಸಾವಿರ, ಇಬ್ಬರದೂ ಹತ್ತು ಹತ್ತು. ಯುಗಾದಿ ಹೊತ್ತಿಗೆ ಕಾಕಾನ ಕೈಗೆ ಹತ್ತು ಸಾವಿರ ಮುಟ್ಟಿತು. ಅವನು ಆಗ ಊರಲ್ಲಿರಲಿಲ್ಲ, ರೊಕ್ಕ ತಂದು ಕೊಟ್ಟವನು ಬೇರೊಬ್ಬ, ಆ ಮಳೆಗಾಲದಲ್ಲಿ ಅವನು ತೀರಿಕೊಂಡ. ಅಣ್ಣ 'ಅದು ನಂದು' ಅಂದ. ತಮ್ಮ 'ಅಲ್ಲ, ನಂದು' ಅಂದ. ಬಾಕಿ ಹತ್ತು ಸಾವಿರ ಯಾರು ಕೊಡಬೇಕು ಎಂಬುದು ತಂಟೆ.

ಮಹಾರಾಷ್ಟ್ರದಲ್ಲಿ 2007ರಲ್ಲಿ ಶುರುವಾದ ತಂಟಾಮುಕ್ತಿ ಮೋಹಿಮಿನಿಂದ ಹಳ್ಳಿಗಳಲ್ಲಿ ಇಂಥ ಜಗಳ ಬಗೆಹರಿಸಲು ಸಮಿತಿಗಳಿವೆ. ನಮ್ಮ ಊರಲ್ಲೂ ಕೂತರು. ಸಾಕ್ಷಿ ಇಬ್ಬರು ಹೆಂಗಸರು, ಇಬ್ಬರಿಗೂ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಒಬ್ಬಳು ನನ್ನ ಆಯಿ. ಇನ್ನೊಬ್ಬಳು ಎದುರುಮನೆಯ ಅವ್ವ. ಬರೆದುಕೊಂಡವರು ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡ ಚೆನ್ನಾಗಿ ತಿಳಿಯುವವರು, ಒಳ್ಳೆಯ ಮನುಷ್ಯ. ಕಾಗದದಲ್ಲಿ ಆಯಿಯ ಜಬಾಬ ಹೀಗಿತ್ತು: 'ಪೈಸೆ ದಿಲೆ ಅಸೇ ಧಾಕಟಾ ಭಾವು ಮ್ಹಣಾಲಾ.' ಎದುರುಮನೆ ಅವ್ವನದು ಹೀಗೆ: 'ಪೈಸೆ ದಿಲೆ ನಾಹೀತ ಅಸೇ ಧಾಕಟಾ ಭಾವು ಮ್ಹಣಾಲಾ.' ಅಂದರೆ ಸಣ್ಣವನು ರೊಕ್ಕ ಕೊಟ್ಟದ್ದಾಗಿ ಒಬ್ಬರಿಗೆ ಹೇಳಿದ, ಕೊಟ್ಟಿಲ್ಲವೆಂದು ಇನ್ನೊಬ್ಬರಿಗೆ ಹೇಳಿದ. ಎರಡು ನಾಲಗೆಯವನು ಎಂದು ತೀರ್ಮಾನವಾಯಿತು.

ನಾನು ಕನ್ನಡ ಮಾಸ್ತರಿಕೆ ಮಾಡಿದವನು. ಆ ಕಾಗದವನ್ನು ಓದಿದಾಗ ನನಗೆ ಹೊಳೆದ ಪ್ರಶ್ನೆ ಒಂದೇ: ಆ ಇಬ್ಬರು ಹೆಂಗಸರ ಬಾಯಿಂದ ಬಂದ ಕನ್ನಡ ಯಾವುದಾಗಿತ್ತು? ಮನೆಗೆ ಹೋಗಿ ಆಯಿಯನ್ನು ಕೇಳಿದೆ. ಅವಳು ತಡವರಿಸಲಿಲ್ಲ. 'ಸಣ್ಣಾವ ರೊಕ್ಕ ಕೊಟ್ಟೀನಂದಾನ' ಅಂದಳು. ಎದುರುಮನೆ ಅವ್ವ ಹೇಳಿದ್ದು: 'ಸಣ್ಣಾವ ಕೊಟ್ಟಿಲ್ಲ ಅಂದಿದ್ದ.' ಈ ಎರಡು ವಾಕ್ಯಗಳಲ್ಲಿ ವಿರೋಧವೇ ಇಲ್ಲ. ವಿರೋಧ ಹುಟ್ಟಿದ್ದು ಕಾಗದದ ಮೇಲೆ. ಅದು ಹೇಗೆ ಹುಟ್ಟಿತು ಎಂಬುದೇ ಇವತ್ತಿನ ನನ್ನ ಮಾತು.

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಕನ್ನಡ ಆ ಮಾತಿನ ಒಳಗಿನ ಕಾಲವನ್ನು ಮುಟ್ಟುವುದಿಲ್ಲ. 'ಬರ್ತೀನಿ' ಅಂದಿದ್ದರೆ ಅದು 'ಬರ್ತೀನಿ' ಆಗಿಯೇ ಉಳಿಯುತ್ತದೆ, ಹೇಳಿ ಹತ್ತು ವರ್ಷವಾಗಿದ್ದರೂ. ದಾಟಿಸುವವನು ತನ್ನ ಕೈ ಇಡುವುದು ಹೊರಗಿನ ಕ್ರಿಯಾಪದದ ಮೇಲೆ, ಅಂದರೆ 'ಅನ್ನು' ಎಂಬುದರ ಮೇಲೆ. ನಮ್ಮ ಕಡೆ ಆ ಒಂದು ಪದ ಎಷ್ಟು ವೇಷ ಹಾಕುತ್ತದೆ ನೋಡಿ. ಅಳಿಯ ಹಬ್ಬಕ್ಕೆ ಬರುತ್ತಾನೋ ಎಂದು ಅತ್ತೆಯನ್ನು ಕೇಳಿದರೆ 'ಬರ್ತೀನಂದಾನ' ಅನ್ನುತ್ತಾಳೆ. ಅಂದರೆ ಮಾತು ಇನ್ನೂ ಜೀವಂತ, ಹೋಳಿಗೆಗೆ ಬೇಳೆ ನೆನೆ ಹಾಕಬಹುದು. 'ಬರ್ತೀನಂದಿದ್ದ' ಅಂದರೆ ಆಗಲೇ ಅವಳ ದನಿ ಇಳಿದಿರುತ್ತದೆ. ಮಾತು ಕೊಟ್ಟಿದ್ದ, ಆಮೇಲೆ ಏನೋ ಆಗಿದೆ, ಮುಂದಿನದನ್ನು ನೀವೇ ಊಹಿಸಿಕೊಳ್ಳಿ. 'ಬರ್ತೀನಂತಿದ್ದ' ಅಂದರೆ ಒಂದು ಸಲ ಅಲ್ಲ, ಫೋನು ಮಾಡಿದಾಗಲೆಲ್ಲ ಹಾಗೇ ಅನ್ನುತ್ತಿದ್ದ. 'ಬರ್ತೀನಂದ' ಅಂದರೆ ಬರಿ ನಡೆದದ್ದನ್ನು ಹೇಳುವುದು, ಕಥೆ ಹೇಳುವವರ ರೂಪ. ಇನ್ನು 'ಬರ್ತಾನಂತ' ಅಂದಳೋ, ಅವಳ ಕಿವಿಗೆ ಅದು ಅಳಿಯನ ಬಾಯಿಂದ ಬಿದ್ದಿಲ್ಲ. ಯಾರೋ ಹೇಳಿದ್ದು, ಹೊಣೆ ಅವಳದಲ್ಲ. ಮೈಸೂರು ಕಡೆಯವರು ಇದಕ್ಕೆ 'ಅಂತೆ' ಅನ್ನುತ್ತಾರೆ. ಪಾಠದ ಪುಸ್ತಕದಲ್ಲಿ ಅದನ್ನು ಓದಿದ ನಮ್ಮ ಮಕ್ಕಳು ಬರೆಯುವಾಗ 'ಅಂತೆ' ಬರೆದು, ಆಡುವಾಗ 'ಅಂತ' ಆಡುತ್ತಾರೆ.

ಈ ಐದೂ ವಾಕ್ಯಗಳಲ್ಲಿ ಅಳಿಯ ಆಡಿದ ಮಾತಿನ ಕಾಲ ಕದಲಿಲ್ಲ. ಕೊನೆಯದರಲ್ಲಿ ಮಾತ್ರ 'ಬರ್ತೀನಿ' ಹೋಗಿ 'ಬರ್ತಾನ' ಆಯಿತು, ಅಂದರೆ ಆಳು ಬದಲಾಯಿತು. ಆಗಲೂ ಕಾಲ ಅದೇ. ಮಾತಿಗೂ ಇವತ್ತಿಗೂ ಇರುವ ದೂರ, ಆ ಮಾತು ಇನ್ನೂ ನಿಂತಿದೆಯೋ ಬಿದ್ದಿದೆಯೋ ಎಂಬ ತೀರ್ಪು, ಎಲ್ಲವೂ 'ಅನ್ನು' ಹೊತ್ತುಕೊಂಡಿದೆ.

ದಿನದ ಪದಗಳದು ಬೇರೆ ನಡೆ. ಸೋಮವಾರ ಒಬ್ಬ 'ನಾಳಿ ಬರ್ತೀನಿ' ಅಂದ. ಮಂಗಳವಾರ ಸಂಜೆವರೆಗೂ ಬರಲಿಲ್ಲ. ಆಗ ನಾವು ಹೇಳುವುದು 'ಇವತ್ತ ಬರ್ತೀನಂದಿದ್ದ, ಬರಲೇ ಇಲ್ಲ' ಎಂದು. 'ನಾಳಿ' ಹೋಗಿ 'ಇವತ್ತ' ಬಂತು, 'ಬರ್ತೀನಿ' ಮಾತ್ರ ಹಾಗೇ ಇದೆ. ಒಂದೇ ವಾಕ್ಯದಲ್ಲಿ ದಿನವನ್ನು ಹೇಳುವವನ ಕ್ಯಾಲೆಂಡರಿನಿಂದ ಎಣಿಸುತ್ತೇವೆ, ಕ್ರಿಯೆಯ ಕಾಲವನ್ನು ಮೊದಲು ಆಡಿದವನ ಬಾಯಿಂದ ಎಣಿಸುತ್ತೇವೆ. ಹೀಗೆ ಎರಡು ಗಡಿಯಾರ ಒಟ್ಟಿಗೆ ನಡೆಯುವುದು ನಮಗೆ ತಿಳಿಯುವುದೇ ಇಲ್ಲ, ಅಷ್ಟು ರೂಢಿ. ಆದರೆ ಚೀಟಿಯಲ್ಲಿ ಬರೆದಾಗ, ದೂರದಿಂದ ಹೇಳಿ ಕಳಿಸಿದಾಗ, ಯಾವ 'ನಾಳಿ' ಎಂಬ ಗೊಂದಲ ಬರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಹಿರಿಯರು ಹೇಳಿ ಕಳಿಸುವಾಗ 'ನಾಳಿ' ಎನ್ನದೆ 'ಬುಧವಾರ' ಎನ್ನುತ್ತಿದ್ದರು.

ಇಂಗ್ಲಿಷಿನದು ಇದಕ್ಕೆ ಪೂರಾ ಬೇರೆ ದಾರಿ. ಅಲ್ಲಿ ಹೊರಗಿನ 'ಸೆಡ್' ಭೂತಕಾಲದಲ್ಲಿದ್ದರೆ ಒಳಗಿನ ಕ್ರಿಯಾಪದವನ್ನೂ ಒಂದು ಮೆಟ್ಟಿಲು ಹಿಂದಕ್ಕೆ ಎಳೆಯುತ್ತಾರೆ. 'ಐ ಆಮ್ ಇಲ್' ಎಂದವನ ಮಾತನ್ನು ದಾಟಿಸಿದರೆ 'ಹಿ ಸೆಡ್ ದಟ್ ಹಿ ವಾಸ್ ಇಲ್' ಆಗುತ್ತದೆ. ಆ 'ವಾಸ್' ಅವನ ಕಾಯಿಲೆ ಮುಗಿದಿತ್ತು ಎಂದು ಹೇಳುವುದಿಲ್ಲ. ಅದು ಹೊರಗಿನ ಕ್ರಿಯಾಪದದ ನೆರಳು ಅಷ್ಟೆ. ನಮ್ಮ ಹೈಸ್ಕೂಲುಗಳಲ್ಲಿ 'ಡೈರೆಕ್ಟ್–ಇಂಡೈರೆಕ್ಟ್' ಎಂಬ ಪಾಠ ಇದನ್ನು ಒಂದು ಕೋಷ್ಟಕವಾಗಿ ಕಲಿಸುತ್ತದೆ. ಕನ್ನಡ ಮಾಧ್ಯಮದ ಹುಡುಗ ಮೊದಲು 'ಹಿ ಟೋಲ್ಡ್ ದಟ್ ಐ ಆಮ್ ಇಲ್' ಎಂದು ಬರೆಯುತ್ತಾನೆ. ಮಾಸ್ತರು ಕೆಂಪು ಗೆರೆ ಎಳೆಯುತ್ತಾರೆ. ಅವನು ಬರೆದದ್ದು ಇಂಗ್ಲಿಷಿನಲ್ಲಿ ತಪ್ಪೇ, ಆದರೆ ಅದು 'ನನಗ ಆರಾಮಿಲ್ಲ ಅಂದ' ಎಂಬ ನಿರ್ದೋಷವಾದ ಕನ್ನಡ ವಾಕ್ಯದ ಎಲುಬು. ಆ ಹುಡುಗನಿಗೆ ಅವನ ಭಾಷೆ ಏನು ಮಾಡುತ್ತಿದೆ ಎಂದು ಯಾರಾದರೂ ಒಂದು ಸಲ ಹೇಳಿದ್ದರೆ ಕೋಷ್ಟಕ ಬಾಯಿಪಾಠ ಮಾಡುವ ಕಷ್ಟ ಅರ್ಧ ಇಳಿಯುತ್ತಿತ್ತು.

ತಿರುಗಿ ಬರುವಾಗ ಆಗುವ ತಪ್ಪು ಇದಕ್ಕಿಂತ ದೊಡ್ಡದು, ಯಾಕೆಂದರೆ ಅದಕ್ಕೆ ಕೆಂಪು ಗೆರೆ ಬೀಳುವುದಿಲ್ಲ. ಅದೇ ಹುಡುಗ ದೊಡ್ಡವನಾಗಿ ಇಂಗ್ಲಿಷಿನಿಂದ ಅನುವಾದ ಮಾಡುತ್ತಾನೆ. 'ಹಿ ಸೆಡ್ ದಟ್ ಹಿ ವಾಸ್ ಇಲ್' ಎಂಬುದನ್ನು 'ತನಗೆ ಆರಾಮ ಇರಲಿಲ್ಲ ಎಂದು ಹೇಳಿದ' ಎಂದು ಬರೆಯುತ್ತಾನೆ. ಕನ್ನಡದಲ್ಲಿ ಅದರ ಅರ್ಥವೇ ಬೇರೆ: ಅವನು ಮಾತಾಡುವ ಹೊತ್ತಿಗೆ ಕಾಯಿಲೆ ವಾಸಿಯಾಗಿತ್ತು, ಹಿಂದೆ ಯಾವಾಗಲೋ ಇತ್ತು. ನನ್ನ ತರಗತಿಗೆ ಒಂದು ರಜಾ ಚೀಟಿ ಹೀಗೇ ಬಂದಿತ್ತು. ಇಂಗ್ಲಿಷ್ ಓದಿದ ಅಣ್ಣ ತಮ್ಮನಿಗಾಗಿ ಬರೆದದ್ದು: 'ಆರಾಮ ಇರಲಿಲ್ಲ ಎಂದು ಇವನು ಹೇಳಿದ್ದರಿಂದ ಶಾಲೆಗೆ ಕಳಿಸಿಲ್ಲ.' ಹಾಗಾದರೆ ಈಗ ಆರಾಮ ಇದೆಯಲ್ಲ, ಯಾಕೆ ಕಳಿಸಲಿಲ್ಲ ಎಂದು ನಾನು ಹೇಳಿ ಕಳಿಸಿದೆ. ಮಧ್ಯಾಹ್ನ ಅವ್ವನೇ ಬಂದಳು. ಹುಡುಗನಿಗೆ ಆಗಲೂ ಜ್ವರ ಇತ್ತು.

ಇಂಥ ವಾಕ್ಯವನ್ನು ಪರೀಕ್ಷಿಸಲು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಉಪಾಯ ಸರಳ. 'ಎಂದು' ಅಥವಾ 'ಅಂತ' ಎಂಬ ಪದದ ಹಿಂದಿರುವುದನ್ನು ಬಿಡಿಸಿಕೊಂಡು ಆ ಮನುಷ್ಯನ ಬಾಯಿಗೆ ವಾಪಸು ಇಡಿ. ಜ್ವರ ಬಂದ ಹುಡುಗ ಹಾಸಿಗೆಯಿಂದ 'ಆರಾಮ ಇರಲಿಲ್ಲ' ಅನ್ನುತ್ತಾನೆಯೇ? 'ಆರಾಮಿಲ್ಲ' ಅನ್ನುತ್ತಾನೆ. ಅವನು ಆಡಲಾರದ ಕಾಲ ಒಳಗೆ ಬಂದಿದ್ದರೆ ಬರೆದವನ ಕಿವಿಯಲ್ಲಿ ಬೇರೆ ಭಾಷೆ ಇದೆ ಎಂದು ತಿಳಿಯಿರಿ. ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಒಂದು ಪುಸ್ತಕಕ್ಕೇ ಹೆಸರಿಟ್ಟರು. ಈ ವಿಷಯದಲ್ಲಿ ಆ ಹೆಸರು ನನಗೆ ದಿನವೂ ನೆನಪಾಗುತ್ತಿತ್ತು.

ಕಾಲ ಕದಲುವುದಿಲ್ಲ ಎಂದೆ. ಆದರೆ ಆಳು ಕದಲುತ್ತಾನೆ, ಅದೂ ಅರ್ಧ ಮಾತ್ರ. 'ಸಣ್ಣಾವ ತಾ ಬರ್ತೀನಂದ' ಎಂಬ ವಾಕ್ಯವನ್ನು ನಿಧಾನವಾಗಿ ಕೇಳಿ. 'ತಾ' ಎಂಬುದು ಅವನನ್ನು ಹೊರಗಿನಿಂದ ತೋರಿಸುವ ಪದ, ಪ್ರಥಮಪುರುಷ. 'ಬರ್ತೀನಿ' ಎಂಬುದು ಅವನ ಸ್ವಂತ ಬಾಯಿಯ ಪದ, ಉತ್ತಮಪುರುಷ. ಕರ್ತೃವನ್ನು ಹೇಳುವವನು ತಿದ್ದಿದ, ಕ್ರಿಯಾಪದವನ್ನು ಮುಟ್ಟದೆ ಬಿಟ್ಟ. 'ಅಂದ' ಎಂಬುದು ಇಲ್ಲದೆ 'ತಾ ಬರ್ತೀನಿ' ಎಂದು ಯಾರೂ ಆಡುವುದಿಲ್ಲ. ಅದು ಬದುಕುವುದು ದಾಟಿಸಿದ ಮಾತಿನೊಳಗೆ ಮಾತ್ರ. ಅರ್ಧ ನನ್ನ ದನಿ, ಅರ್ಧ ಅವನ ದನಿ. ಅಕ್ಕಪಕ್ಕದ ತೆಲುಗು ತಮಿಳುಗಳೂ ಇದೇ ಚಳಕ ಬಲ್ಲವು. ನಾನು ಕನ್ನಡ ವ್ಯಾಕರಣದಲ್ಲಿ ತುಂಬ ಪ್ರೀತಿಸುವ ಜಾಗ ಇದು.

ಈ 'ತಾ' ಇಲ್ಲದಿದ್ದರೂ ಸಾಮಾನ್ಯವಾಗಿ ತೊಂದರೆ ಇಲ್ಲ, ಯಾಕೆಂದರೆ ಕ್ರಿಯಾಪದದ ಬಾಲದಲ್ಲೇ ಆಳು ಕೂತಿರುತ್ತಾನೆ. ಆಯಿ 'ಕೊಟ್ಟೀನಂದಾನ' ಅಂದಾಗ 'ನಾ' ಎಂಬ ಪದ ಬರಲೇ ಇಲ್ಲ. ಆದರೂ ಆ 'ಈನಿ' ಸಾಕು, ಕೊಟ್ಟವನು ಆಡಿದವನೇ. ಅಣ್ಣ ಕೊಟ್ಟಿದ್ದಾನೆಂದು ಸಣ್ಣವನು ಹೇಳಿದ್ದರೆ ಆಯಿ 'ಕೊಟ್ಟಾನಂದಾನ' ಅನ್ನುತ್ತಿದ್ದಳು. ಎರಡು ವಾಕ್ಯಗಳ ನಡುವೆ ಇರುವುದು ಒಂದು ಸ್ವರದ ವ್ಯತ್ಯಾಸ. ಹತ್ತು ಸಾವಿರ ರೂಪಾಯಿ ಆ ಸ್ವರದ ಮೇಲೆ ನಿಂತಿತ್ತು.

ಈಗ ಮರಾಠಿಯ ಕಡೆ ನೋಡಿ. ಕಾಲದ ವಿಷಯದಲ್ಲಿ ಅದು ನಮ್ಮ ಹಾಗೇ, ಒಳಗಿನ ಕಾಲವನ್ನು ಮುಟ್ಟುವುದಿಲ್ಲ. ಆದರೆ ಭೂತಕಾಲದಲ್ಲಿ ಸಕರ್ಮಕ ಕ್ರಿಯಾಪದ ಅಲ್ಲಿ ಕರ್ಮವನ್ನು ಹಿಂಬಾಲಿಸುತ್ತದೆ. 'ಪೈಸೆ ದಿಲೆ' ಎಂಬಲ್ಲಿ 'ದಿಲೆ' ಹೊಂದಿಕೊಂಡಿರುವುದು ಪೈಸೆಗೆ, ಕೊಟ್ಟವನಿಗೆ ಅಲ್ಲ. ನಾನು ಕೊಟ್ಟರೂ 'ದಿಲೆ', ಅವನು ಕೊಟ್ಟರೂ 'ದಿಲೆ'. ಆದ್ದರಿಂದ 'ಮೀ' ಎಂದೋ 'ತ್ಯಾನೇ' ಎಂದೋ ಬಿಡಿಸಿ ಬರೆಯಲೇಬೇಕು. ಕನ್ನಡದಲ್ಲಿ ಬಾಲದಲ್ಲಿದ್ದ ಆಳನ್ನು ಮರಾಠಿಗೆ ಎತ್ತಿ ತಲೆಯ ಮೇಲೆ ಇಡಬೇಕು. ನಮ್ಮ ಬರಹಗಾರರು ಕನ್ನಡದಲ್ಲಿ 'ನಾ' ಕೇಳಲಿಲ್ಲ, ಮರಾಠಿಯಲ್ಲಿ 'ಮೀ' ಬರೆಯಲಿಲ್ಲ. ಒಂದು ಪದವನ್ನೂ ಅವರು ಬಿಟ್ಟಿರಲಿಲ್ಲ. ಆದರೂ ಕೊಟ್ಟವನು ಕಾಗದದಿಂದ ಬಿದ್ದುಹೋದ.

ಇನ್ನೊಂದು ಬಿದ್ದದ್ದು 'ಅಂದಿದ್ದ' ಎಂಬುದು. ಮರಾಠಿಯಲ್ಲಿ ಅದಕ್ಕೆ 'ಮ್ಹಣಾಲಾ ಹೋತಾ' ಎಂಬ ಸರಿಯಾದ ಜೋಡಿ ಇದೆ. ಆದರೆ ಜಬಾಬ ಬರೆಯುವ ಕಚೇರಿ ಭಾಷೆಯಲ್ಲಿ ಎಲ್ಲವೂ 'ಮ್ಹಣಾಲಾ' ಆಗುತ್ತದೆ, ಕನ್ನಡದ ಕಚೇರಿ ಭಾಷೆಯಲ್ಲಿ ಎಲ್ಲವೂ 'ಹೇಳಿದರು' ಆಗುವ ಹಾಗೆ. 'ಅಂದಾನ' ಎಂದ ಆಯಿಯ ಮಾತೂ 'ಮ್ಹಣಾಲಾ', 'ಅಂದಿದ್ದ' ಎಂದ ಅವ್ವನ ಮಾತೂ 'ಮ್ಹಣಾಲಾ'. ಒಂದು ಮಾತು ಈಗಿನದು, ಒಂದು ಮಾತು ಹಿಂದಿನದು ಎಂಬ ಗುರುತು ಇದ್ದದ್ದೇ ಆ ಪದಗಳಲ್ಲಿ. ಅದನ್ನು ಸಮ ಮಾಡಿದ ಮೇಲೆ ಎರಡು ಮಾತುಗಳು ಒಂದೇ ಹೊತ್ತಿನವು ಎಂಬಂತೆ ಎದುರುಬದುರು ನಿಂತವು.

ಸೊಲ್ಲಾಪುರದ ಒಂದು ಓಣಿಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು, ಯಾಕೆಂದರೆ ಮರಾಠಿಯನ್ನು ಎದುರಾಳಿ ಮಾಡಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಮಗ್ಗದ ಕೆಲಸದ ಪದ್ಮಶಾಲಿ ತೆಲುಗರು, ದಖನಿ ಆಡುವ ಮುಸಲ್ಮಾನರು, ಮರಾಠಿಗರು, ನಾವು, ಎಲ್ಲ ಒಂದೇ ಓಣಿಯಲ್ಲಿ ಇರುತ್ತೇವೆ. ನಾವು 'ನಾಳಿ ಬರ್ತೀನಿ ಅಂತ ಹೇಳ್ಯಾನ' ಅನ್ನುತ್ತೇವೆ. ತೆಲುಗರು 'ರೇಪು ವಸ್ತಾ ಅನಿ ಚೆಪ್ಪಿಂಡು' ಅನ್ನುತ್ತಾರೆ. ಮರಾಠಿಗರು 'ಉದ್ಯಾ ಯೇತೋ ಮ್ಹಣೂನ್ ಸಾಂಗಿತ್ಲಂ' ಅನ್ನುತ್ತಾರೆ. ದಖನಿಯಲ್ಲಿ 'ಕಲ್ ಆತೂಂ ಬೋಲ್ಕೆ ಬೋಲ್ಯಾ'. ಅಂತ, ಅನಿ, ಮ್ಹಣೂನ್, ಬೋಲ್ಕೆ: ನಾಲ್ಕೂ ಪದಗಳು ಆಯಾ ಭಾಷೆಯ 'ಅನ್ನು' ಎಂಬ ಕ್ರಿಯಾಪದದಿಂದಲೇ ಹುಟ್ಟಿದವು. ನಾಲ್ಕೂ ಆಡಿದ ಮಾತಿನ ಹಿಂದೆ ಬಂದು ಬಾಗಿಲು ಹಾಕುತ್ತವೆ. ಸಂಸ್ಕೃತದ 'ಇತಿ'ಯ ಜಾಗವೂ ಅದೇ. ಎಮೆನೋ 1956ರಲ್ಲಿ ಭಾರತವನ್ನು ಒಂದು ಭಾಷಾಕ್ಷೇತ್ರವಾಗಿ ನೋಡಬೇಕು ಎಂದು ಬರೆದರು. ನಮ್ಮ ಓಣಿಯವರು ಅದನ್ನು ಓದದೆಯೇ ಬಾಳುತ್ತಿದ್ದಾರೆ. ಪಕ್ಕದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯಗಳು ಪದಕ್ಕೆ ಪದ ಹೊಂದುವಷ್ಟು ಹತ್ತಿರ ಬಂದಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದ್ದೂ ಇಂಥ ಬಾಳುವೆಯನ್ನೇ.

ಮರಾಠಿಗೆ ಇನ್ನೊಂದು ದಾರಿಯೂ ಇದೆ. 'ತೋ ಮ್ಹಣಾಲಾ ಕೀ ಮೀ ಉದ್ಯಾ ಯೇತೋ.' ಈ 'ಕೀ' ಮಾತಿನ ಮುಂದೆ ನಿಂತು ಬಾಗಿಲು ತೆರೆಯುತ್ತದೆ. ಗಡಿಯ ಕನ್ನಡಕ್ಕೂ ಇದು ಬಂದಿದೆ: 'ಅವ ಹೇಳ್ಯಾನ ಕಿ ನಾಳಿ ಬರ್ತೀನಿ.' ಶುದ್ಧ ಕನ್ನಡದವರು ಇದನ್ನು ಕೇಳಿ ಮುಖ ಗಂಟು ಹಾಕುತ್ತಾರೆ. ನನಗೆ ಅಂಥ ಸಿಟ್ಟಿಲ್ಲ. 'ಅಂತ' ಮಾತು ಎಲ್ಲಿ ಮುಗಿಯಿತು ಎಂದು ಹೇಳುತ್ತದೆ, ಎಲ್ಲಿ ಶುರುವಾಯಿತು ಎಂದು ಹೇಳುವುದಿಲ್ಲ. 'ಸಣ್ಣಾವ ನಿನ್ನೆ ರೊಕ್ಕ ಕೊಟ್ಟೀನಂದ' ಎಂಬಲ್ಲಿ ನಿನ್ನೆ ಕೊಟ್ಟನೋ, ನಿನ್ನೆ ಅಂದನೋ? ಅವನ ಮಾತು 'ನಿನ್ನೆ'ಯಿಂದ ಶುರುವೋ, 'ರೊಕ್ಕ'ದಿಂದ ಶುರುವೋ ಗೊತ್ತಾಗುವುದಿಲ್ಲ. 'ಕಿ' ಶುರುವನ್ನು ತೋರಿಸುತ್ತದೆ, ಕೊನೆಯನ್ನು ತೋರಿಸುವುದಿಲ್ಲ. ಉದ್ದ ಮಾತಾದರೆ ಯಾವುದು ಅವನದು, ಯಾವುದು ಹೇಳುವವನ ಸ್ವಂತದ್ದು ಎಂದು ಕಲಸಿಹೋಗುತ್ತದೆ. ನಮ್ಮ ಕಡೆಯ ಮಕ್ಕಳು ಎರಡನ್ನೂ ಹಾಕುತ್ತಾರೆ: 'ಸರ್ ಹೇಳ್ಯಾರ ಕಿ ನಾಳಿ ಸೂಟಿ ಅದ ಅಂತ.' ಬಾಗಿಲಿಗೆ ಎರಡೂ ಕದ.

ಊರಿನ ಬಾಯಲ್ಲಿ ಕೊನೆಯ ಕದಕ್ಕೆ ಇನ್ನೊಂದು ಚಿಲಕವೂ ಇದೆ, ಅದು 'ರೀ'. ಸೊಲ್ಲಾಪುರದ, ಅಂದರೆ ಅಂದಿನ ಸೊನ್ನಲಿಗೆಯ, ಸಿದ್ಧರಾಮನ ಕಥೆ ನಿಮಗೆಲ್ಲ ಗೊತ್ತು. ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭು ಬಂದು ಅವನನ್ನು 'ಒಡ್ಡರಾಮ' ಎಂದು ಕರೆದ. ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರಿದರು, ಸುದ್ದಿ ಸಿದ್ಧರಾಮನಿಗೆ ಮುಟ್ಟಿತು ಎಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಓಡಿಹೋಗಿ ಹೇಳಿದ ಆ ಕೆಲಸದವನ ಕಷ್ಟ ಯೋಚಿಸಿ. ಗುರುವಿಗೆ ಬಂದ ಬೈಗುಳವನ್ನು ಗುರುವಿನ ಎದುರೇ ಆಡಬೇಕು. ನಮ್ಮ ಊರಿನ ಇವತ್ತಿನ ಮಾತಿನಲ್ಲಿ ಅವನು ಹೇಗೆ ಹೇಳುತ್ತಿದ್ದ ಎಂದು ನಾನು ಊಹಿಸುತ್ತೇನೆ: 'ಒಡ್ಡರಾಮ ಎಲ್ಲಿದಾನ ಅಂದಾನ್ರೀ ಅಪ್ಪಾರ.' ಒಳಗೆ ಏಕವಚನ, ಹಾಗೇ ಇರಬೇಕು, ಅಲ್ಲಮ ಆಡಿದ್ದು ಅದು. ಹೊರಗೆ 'ರೀ', 'ಅಪ್ಪಾರ', ಅದು ಹೇಳುವವನ ಸ್ವಂತ ಮರ್ಯಾದೆ. ಆ 'ರೀ' ಎಂದಿಗೂ ಒಳಗಿನ ಮಾತಿಗೆ ಅಂಟುವುದಿಲ್ಲ. 'ಎಲ್ಲಿದಾನ್ರೀ ಅಂದಾನ' ಎಂದುಬಿಟ್ಟರೆ ಅಲ್ಲಮನೇ ಮರ್ಯಾದೆ ಕೊಟ್ಟ ಹಾಗಾಗಿ ಕಥೆಯೇ ಕೆಡುತ್ತದೆ. ಕಾಲದಲ್ಲಿ ಹೇಗೋ ಮರ್ಯಾದೆಯಲ್ಲೂ ಹಾಗೆ: ಒಳಗಿನದು ಆಡಿದವನದು, ಹೊರಗಿನದು ದಾಟಿಸುವವನದು.

ಇಷ್ಟೆಲ್ಲ ಗುರುತುಗಳಿದ್ದೂ ಕನ್ನಡ ಒಂದು ಕಡೆ ಕೈ ಚೆಲ್ಲುತ್ತದೆ. ಅದು ನಿಷೇಧ. ಹಳಗನ್ನಡದಲ್ಲಿ 'ಬಾರೆಂ' ಎಂದರೆ ನಾನು ಬರುವುದಿಲ್ಲ, 'ಬಾರಂ' ಎಂದರೆ ಅವನು ಬರುವುದಿಲ್ಲ. ಇಲ್ಲವೆಂಬಲ್ಲೂ ಆಳು ಇದ್ದ. ಈಗಿನ 'ಬರೂದಿಲ್ಲ', 'ಕೊಟ್ಟಿಲ್ಲ' ಎಂಬಲ್ಲಿ 'ಇಲ್ಲ' ಎಲ್ಲರಿಗೂ ಒಂದೇ. 'ಸಣ್ಣಾವ ಕೊಟ್ಟಿಲ್ಲ ಅಂದಿದ್ದ' ಎಂಬ ಎದುರುಮನೆ ಅವ್ವನ ವಾಕ್ಯವನ್ನು ಮೂರು ರೀತಿ ಬಿಡಿಸಬಹುದು. ಸಣ್ಣವನು 'ನಾ ಕೊಟ್ಟಿಲ್ಲ' ಅಂದಿದ್ದ. ಸಣ್ಣವನು 'ಅಣ್ಣ ಕೊಟ್ಟಿಲ್ಲ' ಅಂದಿದ್ದ. ಅಥವಾ ಬೇರೆ ಯಾರೋ 'ಸಣ್ಣಾವ ಕೊಟ್ಟಿಲ್ಲ' ಅಂದಿದ್ದ. ಪತ್ರಿಕೆಗಳಿಗೆ ಪ್ರಿಯವಾದ 'ಬರುವುದಾಗಿ ಹೇಳಿದರು', 'ಕೊಟ್ಟಿದ್ದಾಗಿ ತಿಳಿಸಿದರು' ಎಂಬ ರೂಪಕ್ಕೂ ಇದೇ ಕೊರತೆ. ಅದರಲ್ಲಿ ಕಾಲ ಉಳಿಯುತ್ತದೆ, ಆಳು ಹೋಗುತ್ತಾನೆ. ಅಲ್ಲಿ 'ತಾವು' ಎಂಬ ಒಂದು ಪದ ಸೇರಿಸಿದರೆ ಸರಿಹೋಗುತ್ತದೆ, ಜಾಗ ಉಳಿಸಲು ಅದನ್ನೇ ಮೊದಲು ಕತ್ತರಿಸುತ್ತಾರೆ. ಜಬಾಬ ಬರೆಯುವವರು ಕನ್ನಡದ ಸಾಕ್ಷಿಯಿಂದ 'ಇಲ್ಲ' ಕೇಳಿದಾಗಲೆಲ್ಲ ಪೆನ್ನು ನಿಲ್ಲಿಸಿ 'ಯಾರು?' ಎಂದು ಕೇಳಲೇಬೇಕು.

ಕೋರ್ಟಿನ ಮಟ್ಟದಲ್ಲಿ ಇದಕ್ಕೊಂದು ದಾರಿ ಮೊದಲಿನಿಂದ ಇದೆ. 1973ರ ದಂಡಪ್ರಕ್ರಿಯಾ ಸಂಹಿತೆಯ 277ನೆಯ ಕಲಮಿನ ಪ್ರಕಾರ ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು. ಆಗದಿದ್ದರೆ ಕೋರ್ಟಿನ ಭಾಷೆಗೆ ನಿಜವಾದ ಅನುವಾದ ಮಾಡಿಸಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹಳ್ಳಿಯ ಸಮಿತಿ ಕೋರ್ಟಲ್ಲ. ಆದರೂ ನಾನು ಹೋಗಿ, ಇಬ್ಬರನ್ನೂ ಇನ್ನೊಮ್ಮೆ ಕೇಳಿರಿ, ಅವರು ಆಡಿದ್ದನ್ನು ಆಡಿದ ಹಾಗೇ ಕನ್ನಡದಲ್ಲಿ ಬರೆಯಿರಿ ಎಂದು ಕೈಮುಗಿದೆ. ಒಪ್ಪಿದರು.

ಮೊದಲು ಆಯಿ. ಯುಗಾದಿಯ ಮರುದಿನ ಕಟ್ಟೆಯ ಮೇಲೆ ಕೂತಾಗ ಸಣ್ಣವನು ಬಂದು ಹೇಳಿದ್ದೆಂದಳು. 'ಕೊಟ್ಟೀನಂದಾನ್ರೀ' ಎಂದು ಹೇಳುವಾಗ ಅವಳ ಕೈ ತಾನಾಗಿ ಎದೆಯ ಮೇಲೆ ಹೋಯಿತು, ಅವನು ಇಟ್ಟುಕೊಂಡ ಹಾಗೆ. ಬರೆಯುವವರು 'ಈನಿ' ಬರೆದುಕೊಂಡರು.

ಆಮೇಲೆ ಎದುರುಮನೆ ಅವ್ವ. ಯಾವಾಗ ಹೇಳಿದ ಎಂದು ಕೇಳಿದರು. 'ಗಡ್ಡಾ ಜಾತ್ರಿಗೆ ಹೋಗಾಕ ಬಸ್ಸಿಗೆ ನಿಂತಿದ್ವಿರೀ, ಅವಾಗ ಅಂದಿದ್ದ' ಅಂದಳು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ. ರೊಕ್ಕ ಕಾಕಾನಿಗೆ ಮುಟ್ಟಿದ್ದು ಯುಗಾದಿಗೆ. ಎರಡರ ನಡುವೆ ಎರಡು ತಿಂಗಳ ಮೇಲೆ. 'ಅಂದಿದ್ದ' ಎಂಬ ಪದ ಇದನ್ನು ಮೊದಲ ದಿನವೇ ಹೇಳಿತ್ತು.

'ಯಾರು ಕೊಟ್ಟಿಲ್ಲ ಅಂದಿದ್ದ? ತಾನೋ, ಅಣ್ಣನೋ?' ಎಂದು ಅಧ್ಯಕ್ಷರು ಕೇಳಿದರು. ಅವಳು ತುಸು ಹೊತ್ತು ಸುಮ್ಮನಿದ್ದಳು. ಇಲ್ಲದ ಪದವನ್ನು ಅವನ ಬಾಯಿಗೆ ಹಾಕಲು ಅವಳಿಗೆ ಮನಸ್ಸಿಲ್ಲ ಎಂದು ಕಾಣುತ್ತಿತ್ತು.

'ನಾ ಅನ್ಲಿಲ್ರೀ, ಅಣ್ಣಾನೂ ಅನ್ಲಿಲ್ಲ. ಲಾವಣಿ ರೊಕ್ಕದ ಮಾತ ಬಂತು. ಇನ್ನಾ ಕೊಟ್ಟಿಲ್ಲ ಯವ್ವಾ ಅಂದ. ಅಂದು ಹಿಂಗ ತಲಿ ಕೆಳಗ ಹಾಕ್ದ' ಎಂದು ತಾನೂ ತಲೆ ಕೆಳಗೆ ಹಾಕಿ ತೋರಿಸಿದಳು.

ಬರೆಯುವವರು ಪೆನ್ನು ಹಿಡಿದು, ತಲಿ ಕೆಳಗ ಹಾಕಿದ್ದನ್ನೂ ಬರೀಲೇನು ಎಂದು ನನ್ನ ಕಡೆ ನೋಡಿದರು. ಬರೆಯಿರಿ ಅಂದೆ. ಮರಾಠಿ ಸಾಲುಗಳ ಕೆಳಗೆ ಕನ್ನಡದಲ್ಲಿ 'ಇನ್ನಾ ಕೊಟ್ಟಿಲ್ಲ ಯವ್ವಾ ಅಂದಿದ್ದ' ಎಂದೂ, ಪಕ್ಕದಲ್ಲಿ ತಲೆ ಕೆಳಗೆ ಹಾಕಿದ ವಿಷಯವನ್ನೂ ಬರೆದು, ಅವಳಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ಅಣ್ಣ ಆ ದೀಪಾವಳಿಗೆ ಹತ್ತು ಸಾವಿರ ತಂದು ಕೊಟ್ಟ.